0.3413 ಎಲ್ಲಿಂದ ಬಂತು?

ಅಕ್ಕನ ಮಗಳು ಬಿ.ಕಾಂ. ಓದುತ್ತಿದ್ದಾಳೆ. ಪರೀಕ್ಷೆಗೆ ಒಂದು ವಾರ ಇರುವಾಗ ಸಂಖ್ಯಾಶಾಸ್ತ್ರದ ಪುಸ್ತಕ ಹಿಡಿದುಕೊಂಡು ಬಂದಳು. ಅದರ ಕೊನೆಯ ಪುಟಗಳಲ್ಲಿ ಇರುವೆ ಸಾಲಿನಂತೆ ಅಂಕಿಗಳನ್ನು ಅಚ್ಚು ಹಾಕಿದ ಒಂದು ಕೋಷ್ಟಕವಿತ್ತು. “ಮಾಮ, z ಒಂದು ಆದ್ರೆ 0.3413 ಅಂತಿದೆ. ಲೆಕ್ಕ ಮಾಡೋಕೆ ಬರಲ್ಲ, ಟೇಬಲ್ ನೋಡಿ ಬರೀರಿ ಅಂತಾರೆ ಮೇಡಂ. ಲೆಕ್ಕ ಮಾಡೋಕೆ ಬರಲ್ಲ ಅಂದ್ರೆ ಟೇಬಲ್ ಬರೆದವರಿಗೆ ಹೇಗೆ ಗೊತ್ತಾಯ್ತು?” ಎಂದಳು.

ಮೇಡಂ ಹೇಳಿದ್ದು ಸುಳ್ಳಲ್ಲ, ಹುಡುಗಿಯ ಪ್ರಶ್ನೆಯೂ ತಪ್ಪಲ್ಲ. ಆ ನಾಲ್ಕು ಅಂಕಿಗಳ ಹಿಂದೆ ಒಂದು ಸೊಗಸಾದ ಉಪಾಯವಿದೆ. ಆ ದಿನ ಅವಳೂ ನಾನೂ ಸೇರಿ ಒಂದು ಕಾಗದ, ಒಂದು ಸಾದಾ ಕ್ಯಾಲ್ಕುಲೇಟರ್ ಇಟ್ಟುಕೊಂಡು ಅದನ್ನು ಮಾಡಿ ನೋಡಿದೆವು.

ಸಂಖ್ಯೆ ಹೇಳುವುದೇನು?

ಒಂದು ಯಂತ್ರ ಸಕ್ಕರೆ ಪೊಟ್ಟಣ ತುಂಬುತ್ತಿದೆ ಎನ್ನಿ. ಪೊಟ್ಟಣದ ಸರಾಸರಿ ತೂಕ 1000 ಗ್ರಾಂ. ಎಲ್ಲವೂ ಕರಾರುವಾಕ್ಕಾಗಿ ಅಷ್ಟೇ ಇರುವುದಿಲ್ಲ. ಒಂದು ತುಸು ಹೆಚ್ಚು, ಇನ್ನೊಂದು ತುಸು ಕಡಿಮೆ. ಈ ಏರಿಳಿತದ ಅಳತೆಯಾದ ಮಾನಕ ವಿಚಲನೆ 5 ಗ್ರಾಂ ಎಂದಿಟ್ಟುಕೊಳ್ಳೋಣ. ತೂಕಗಳು ಗಂಟೆಯಾಕಾರದ ರೇಖೆಯಂತೆ ಹರಡಿದ್ದರೆ, 1000ರಿಂದ 1005 ಗ್ರಾಂ ನಡುವೆ ಬೀಳುವ ಪೊಟ್ಟಣಗಳ ಪಾಲು 0.3413. ಅಂದರೆ ನೂರಕ್ಕೆ 34ಕ್ಕಿಂತ ಸ್ವಲ್ಪ ಹೆಚ್ಚು.

ಈ ಪಾಲು ನಿಜವಾಗಿ ಒಂದು ವಿಸ್ತೀರ್ಣ. ಗಂಟೆಯಾಕಾರದ ರೇಖೆಯ ಎತ್ತರವನ್ನು e^(−x²/2) ಎಂಬ ಉತ್ಪನ್ನ ಕೊಡುತ್ತದೆ. ಇಲ್ಲಿ e ಎಂದರೆ 2.71828… ಎಂಬ ಸ್ಥಿರಸಂಖ್ಯೆ. x ಸೊನ್ನೆ ಇದ್ದಾಗ ಎತ್ತರ 1. X ಒಂದಕ್ಕೆ ಬಂದಾಗ 0.6065ಕ್ಕೆ ಇಳಿದಿರುತ್ತದೆ. 0ರಿಂದ 1ರವರೆಗೆ ಈ ರೇಖೆಯ ಕೆಳಗೆ ಇರುವ ಜಾಗವನ್ನು ಅಳೆದು, ಅದನ್ನು ಇಡೀ ಗಂಟೆಯ ವಿಸ್ತೀರ್ಣದಿಂದ ಭಾಗಿಸಿದರೆ ನಮಗೆ ಬೇಕಾದ ಪಾಲು ಸಿಗಬೇಕು. ಅಳೆಯಬೇಕಾದ ಜಾಗವನ್ನು I ಎಂದು ಕರೆಯೋಣ:

I = ∫₀¹ e^(−x²/2) dx

ಇಡೀ ಗಂಟೆಯ ವಿಸ್ತೀರ್ಣ ಕರಾರುವಾಕ್ಕಾಗಿ ಗೊತ್ತು: √(2π), ಅಂದರೆ 2.506628. ತೊಂದರೆ ಇರುವುದು ತುಂಡಿನಲ್ಲಿ.

ದಾರಿ ಮುಚ್ಚಿರುವುದು ಎಲ್ಲಿ?

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಅನುಕಲನದ ದಾರಿ ನೆನಪಿರುತ್ತದೆ. x²ರ ವಿಸ್ತೀರ್ಣ ಬೇಕೆಂದರೆ, ಯಾವುದನ್ನು ಅವಕಲಿಸಿದರೆ x² ಬರುತ್ತದೆ ಎಂದು ಹುಡುಕುತ್ತೇವೆ. x³/3 ಸಿಗುತ್ತದೆ. ಎರಡು ತುದಿಗಳ ಬೆಲೆ ಹಾಕಿ ಕಳೆದರೆ ಕೆಲಸ ಮುಗಿಯಿತು. e^(−x²/2)ಗೆ ಹಾಗೆ ಹುಡುಕಲು ಹೊರಟರೆ ಏನೂ ಸಿಗುವುದಿಲ್ಲ. ನಮ್ಮ ಜಾಣತನ ಸಾಲದು ಎಂದಲ್ಲ. ಘಾತಗಳು, ಮೂಲಗಳು, ಲಾಗರಿದಮ್, ಸೈನ್, ಕೊಸೈನ್ ಮುಂತಾದ ಪರಿಚಿತ ಉತ್ಪನ್ನಗಳನ್ನು ಎಷ್ಟೇ ಬಗೆಯಲ್ಲಿ ಜೋಡಿಸಿದರೂ ಅಂಥದ್ದೊಂದು ಸಿಗುವುದು ಸಾಧ್ಯವೇ ಇಲ್ಲ. ಇದನ್ನು ಸಾಧಿಸಿ ತೋರಿಸುವ ಸಿದ್ಧಾಂತಕ್ಕೆ 1830ರ ದಶಕದಲ್ಲಿ ಅಡಿಪಾಯ ಹಾಕಿದವರು ಫ್ರಾನ್ಸಿನ ಜೋಸೆಫ್ ಲಿಯೂವಿಲ್.

ಆದರೆ ಸೂತ್ರ ಇಲ್ಲದ ಮಾತ್ರಕ್ಕೆ ವಿಸ್ತೀರ್ಣ ಇಲ್ಲವಾಗುವುದಿಲ್ಲ. ಜಾಗ ಕಣ್ಣೆದುರೇ ಇದೆ, ಅದಕ್ಕೊಂದು ಅಳತೆಯೂ ಇದೆ. ನೇರವಾಗಿ ಹಿಡಿಯಲು ಬಾರದ್ದನ್ನು ಎರಡು ಕಡೆಯಿಂದ ಒತ್ತಿ ಹಿಡಿಯಬೇಕು. ಒಲೆಯ ಮೇಲಿನ ಬಿಸಿ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿಯುವ ಹಾಗೆ.

ಇಕ್ಕಳದ ನಿಯಮ

ಇಡೀ ಉಪಾಯ ನಿಂತಿರುವುದು ಒಂದೇ ನಿಯಮದ ಮೇಲೆ. ಒಂದು ರೇಖೆ ಇನ್ನೊಂದು ರೇಖೆಗಿಂತ ಎಲ್ಲೂ ಮೇಲೆ ಹೋಗದಿದ್ದರೆ, ಅದರ ಕೆಳಗಿನ ವಿಸ್ತೀರ್ಣ ಆ ಇನ್ನೊಂದರ ಕೆಳಗಿನ ವಿಸ್ತೀರ್ಣಕ್ಕಿಂತ ಹೆಚ್ಚಾಗದು. ಹೀಗಾಗಿ ನಮ್ಮ ಮೊಂಡು ರೇಖೆಯ ಕೆಳಗೊಂದು, ಮೇಲೊಂದು ಸುಲಭದ ರೇಖೆ ಎಳೆದು, ಆ ಎರಡರ ವಿಸ್ತೀರ್ಣ ತೆಗೆದರೆ ಸಾಕು. ಉತ್ತರ ಅವೆರಡರ ನಡುವೆ ಸಿಕ್ಕಿಬಿದ್ದಿರುತ್ತದೆ.

ಎಲ್ಲಕ್ಕಿಂತ ಸುಲಭದ ರೇಖೆ ಎಂದರೆ ಅಡ್ಡಗೆರೆ. 0ರಿಂದ 1ರವರೆಗೆ ನಮ್ಮ ರೇಖೆ 1ರಿಂದ 0.6065ಕ್ಕೆ ಇಳಿಯುತ್ತದೆ, ನಡುವೆ ಎಲ್ಲೂ ಏರುವುದಿಲ್ಲ. ಹಾಗಾಗಿ I ಎಂಬುದು 0.6065ಕ್ಕೂ 1ಕ್ಕೂ ನಡುವೆ ಇದೆ. 2.506628ರಿಂದ ಭಾಗಿಸಿದರೆ ಪಾಲು 0.242 ಮತ್ತು 0.399ರ ನಡುವೆ. “ಇಷ್ಟು ದೊಡ್ಡ ಸಂದು ಇಟ್ಕೊಂಡು ಪರೀಕ್ಷೆಯಲ್ಲಿ ಏನು ಬರೀಲಿ?” ಎಂದಳು. ಒಪ್ಪತಕ್ಕ ಮಾತೇ. ಇಕ್ಕಳದ ಬಾಯಿ ತೀರಾ ಅಗಲವಾಗಿದೆ.

ಜಾಗವನ್ನು ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಗೂ ಹೀಗೇ ಅಡ್ಡಗೆರೆ ಎಳೆಯಬಹುದು. ನಾಲ್ಕು ಪಟ್ಟಿ ಮಾಡಿದೆವು. ರೇಖೆಯ ಎತ್ತರ x = 0, 0.25, 0.5, 0.75, 1ರಲ್ಲಿ ಕ್ರಮವಾಗಿ 1, 0.9692, 0.8825, 0.7548, 0.6065. ಪ್ರತಿ ಪಟ್ಟಿಯ ಎಡ ಅಂಚಿನ ಎತ್ತರ ಹಿಡಿದರೆ ಮೊತ್ತ 0.9016, ಅದು ಮೇಲ್ಮಿತಿ. ಬಲ ಅಂಚಿನದನ್ನು ಹಿಡಿದರೆ 0.8033, ಅದು ಕೆಳಮಿತಿ. ಬಾಯಿ ಕಿರಿದಾಯಿತು, ಆದರೆ ನಿಧಾನ. ಎರಡೂ ಮಿತಿಗಳ ಅಂತರ ಯಾವಾಗಲೂ 0.3935ನ್ನು ಪಟ್ಟಿಗಳ ಸಂಖ್ಯೆಯಿಂದ ಭಾಗಿಸಿದಷ್ಟು. ಅಂತರ 0.0001ಕ್ಕೆ ಇಳಿಯಬೇಕೆಂದರೆ 3,935 ಪಟ್ಟಿ ಬೇಕು. ಕಂಪ್ಯೂಟರಿಗೆ ಅದು ಕಣ್ಣು ಮಿಟುಕಿಸುವ ಕೆಲಸ. ಕೈಯಲ್ಲಿ ಲೆಕ್ಕ ಮಾಡುವವನಿಗೆ ತಿಂಗಳುಗಟ್ಟಲೆ ಕೂಲಿ.

ಅಸಮತೆಯಿಂದಲೇ ಅಸಮತೆ

ಅಡ್ಡಗೆರೆಯ ಬದಲು ನಮ್ಮ ರೇಖೆಯನ್ನು ತಬ್ಬಿಕೊಂಡೇ ಬಾಗುವ ರೇಖೆಗಳು ಬೇಕು, ಮತ್ತು ಅವುಗಳ ವಿಸ್ತೀರ್ಣ ಸುಲಭವಾಗಿ ಸಿಗಬೇಕು. ಅವನ್ನು ಎಲ್ಲಿಂದ ತರುವುದು? ಅಚ್ಚರಿಯೆಂದರೆ, ಮೇಲಿನ ಅದೇ ನಿಯಮವೇ ಅವನ್ನು ಹೆತ್ತು ಕೊಡುತ್ತದೆ.

ಸ್ವಲ್ಪ ಹೊತ್ತು x²/2 ಮರೆತು, ಅದರ ಜಾಗದಲ್ಲಿ t ಎಂದು ಬರೆಯೋಣ. t ಸೊನ್ನೆಯೋ ಅದಕ್ಕಿಂತ ಹೆಚ್ಚೋ ಆಗಿರುವಾಗ ಒಂದು ಮಾತಂತೂ ಖಚಿತ: e^(−t) ಎಂದೂ 1ನ್ನು ಮೀರದು. ಇದರ ಎರಡೂ ಬದಿಯನ್ನು 0ರಿಂದ tವರೆಗೆ ಅನುಕಲಿಸಿ. ಎಡಗಡೆ 1 − e^(−t) ಬರುತ್ತದೆ, ಬಲಗಡೆ t. ಮೊದಲನೆಯದು ಎರಡನೆಯದನ್ನು ಮೀರದು. ಅತ್ತಿಂದಿತ್ತ ಸರಿಸಿದರೆ:

e^(−t) ≥ 1 − t

ಮೇಲ್ಮಿತಿಯಿಂದ ಹೊರಟವರ ಕೈಗೆ ಕೆಳಮಿತಿ ಬಂತು. ಇದನ್ನೇ ಮತ್ತೊಮ್ಮೆ 0ರಿಂದ tವರೆಗೆ ಅನುಕಲಿಸಿದರೆ 1 − e^(−t) ≥ t − t²/2 ಎಂದಾಗುತ್ತದೆ. ಸರಿಸಿ ಬರೆದರೆ ಹೊಸ ಮೇಲ್ಮಿತಿ:

e^(−t) ≤ 1 − t + t²/2

ಇನ್ನೊಮ್ಮೆ ಮಾಡಿದರೆ t³/6 ಕಳೆದ ಕೆಳಮಿತಿ, ಮಗದೊಮ್ಮೆ ಮಾಡಿದರೆ t⁴/24 ಕೂಡಿಸಿದ ಮೇಲ್ಮಿತಿ. ಚಿಹ್ನೆ ಪ್ರತಿ ಸಲ ಮಗುಚುತ್ತದೆ. ಒಂದು ಸಲ ಕೆಳಗಿನಿಂದ, ಇನ್ನೊಂದು ಸಲ ಮೇಲಿನಿಂದ ರೇಖೆಗಳು ಹತ್ತಿರ ಹತ್ತಿರ ಬರುತ್ತವೆ.

ಈಗ t ಇದ್ದಲ್ಲಿ x²/2 ಹಾಕಿ. ಸಿಗುವುದೆಲ್ಲ xನ ಸಾದಾ ಘಾತಗಳು: x²/2, x⁴/8, x⁶/48, x⁸/384 ಹೀಗೆ. ಇವನ್ನು 0ರಿಂದ 1ರವರೆಗೆ ಅನುಕಲಿಸಲು ಘಾತಕ್ಕೆ ಒಂದು ಕೂಡಿಸಿ ಭಾಗಿಸಿದರಾಯಿತು. x²/2 ಕೊಡುವುದು 1/6, x⁴/8 ಕೊಡುವುದು 1/40, x⁶/48 ಕೊಡುವುದು 1/336. ಮುಂದಿನವು 1/3456, 1/42240, 1/599040. ಇವುಗಳನ್ನು ಕಳೆಯುತ್ತ ಕೂಡಿಸುತ್ತ ಹೋದೆವು:

1 − 1/6 = 0.833333 (ಕೆಳಮಿತಿ)
+ 1/40 = 0.858333 (ಮೇಲ್ಮಿತಿ)
− 1/336 = 0.855357 (ಕೆಳಮಿತಿ)
+ 1/3456 = 0.855646 (ಮೇಲ್ಮಿತಿ)
− 1/42240 = 0.855623 (ಕೆಳಮಿತಿ)

ನಾಲ್ಕು ಸಾವಿರ ಪಟ್ಟಿಗಳ ಕೆಲಸವನ್ನು ಐದು ಭಿನ್ನರಾಶಿಗಳು ಮುಗಿಸಿದವು. ಕೊನೆಯ ಎರಡು ಸಾಲುಗಳ ಅಂತರ 0.000024 ಮಾತ್ರ.

ಎಲ್ಲಿ ನಿಲ್ಲಿಸಬೇಕು?

ಇಲ್ಲಿಗೆ ನಿಲ್ಲಿಸಿ ಬಿಡೋಣ ಎಂದಳು. ಕೊನೆಯ ಎರಡು ಮಿತಿಗಳನ್ನು 2.506628ರಿಂದ ಭಾಗಿಸಿ ನೋಡಿದೆವು. ಕೆಳಗಿನದು 0.341344, ಮೇಲಿನದು 0.341354. ನಾಲ್ಕು ಸ್ಥಾನಕ್ಕೆ ಸರಿಪಡಿಸಿ ಬರೆಯಲು ಹೋದಾಗ ಅವಳ ಪೆನ್ನು ನಿಂತಿತು. 0.341344 ಎಂದಾದರೆ ಕೋಷ್ಟಕದಲ್ಲಿ ಬರೆಯಬೇಕಾದ್ದು 0.3413. 0.341354 ಎಂದಾದರೆ ಐದನೆಯ ಅಂಕಿ 5, ಅದರ ಮುಂದೆಯೂ ಏನೋ ಉಳಿದಿದೆ, ಹಾಗಾಗಿ 0.3414 ಎಂದು ಏರಿಸಬೇಕು. ಮಿತಿಗಳು ಇಷ್ಟು ಹತ್ತಿರ ಬಂದಿದ್ದರೂ ನಾಲ್ಕನೆಯ ಅಂಕಿ 3 ಹೌದೋ ಅಲ್ಲವೋ ಎಂದು ಹೇಳಲು ಬರುತ್ತಿಲ್ಲ. ಇಕ್ಕಳದ ಎರಡು ತುಟಿಗಳು 0.34135 ಎಂಬ ಗಡಿಗೆರೆಯ ಆಚೆಗೊಂದು ಈಚೆಗೊಂದು ಬಿದ್ದಿವೆ.

ಕೋಷ್ಟಕ ತಯಾರಿಸುವವರನ್ನು ಕಾಡುತ್ತ ಬಂದ ತೊಡಕು ಇದು. ಅಂತರ ಸಣ್ಣದಾಯಿತು ಎಂಬುದಷ್ಟೇ ನಿಲ್ಲಿಸಲು ಕಾರಣವಾಗದು. ಎರಡೂ ಮಿತಿಗಳನ್ನು ಬೇಕಾದಷ್ಟು ಸ್ಥಾನಕ್ಕೆ ಸರಿಪಡಿಸಿದಾಗ ಒಂದೇ ಸಂಖ್ಯೆ ಬರಬೇಕು; ಆಗ ಮಾತ್ರ ಆ ಅಂಕಿಯನ್ನು ಎದೆ ತಟ್ಟಿ ಬರೆಯಬಹುದು. ನಾವು ಇನ್ನೊಂದು ಭಿನ್ನರಾಶಿ, 1/599040, ಕೂಡಿಸಿದೆವು. ಹೊಸ ಮೇಲ್ಮಿತಿ 0.855624, ಭಾಗಿಸಿದರೆ 0.341345. ಆರು ಸ್ಥಾನಕ್ಕೆ ನೋಡಿದರೆ ಪಾಲು 0.341344 ಮತ್ತು 0.341345ರ ನಡುವೆ ಬಿಗಿಯಾಗಿದೆ. ಎರಡೂ ಗಡಿಗೆರೆಯ ಈಚೆಗೇ ಇವೆ. ನಾಲ್ಕು ಸ್ಥಾನಕ್ಕೆ 0.3413, ಅನುಮಾನವೇ ಇಲ್ಲ.

ಸುಮ್ಮನೆ ಅಂದಾಜು ಮಾಡುವುದಕ್ಕೂ ಮಿತಿ ಹಾಕುವುದಕ್ಕೂ ಇರುವ ವ್ಯತ್ಯಾಸ ಇದೇ. ಅಂದಾಜು ಒಂದೇ ಸಂಖ್ಯೆಯನ್ನು ಕೊಡುತ್ತದೆ, ಎಷ್ಟು ತಪ್ಪಿದೆ ಎಂದು ಹೇಳುವುದಿಲ್ಲ. ಮಿತಿಗಳು ಉತ್ತರದ ಜೊತೆಗೆ ತಪ್ಪಿನ ಗರಿಷ್ಠ ಅಳತೆಯನ್ನೂ ಕೈಗಿಡುತ್ತವೆ.

ಅಸಮತೆ ಕೈಕೊಡುವ ಜಾಗ

ಇಷ್ಟಾದ ಮೇಲೆ ಅವಳಿಗೆ ಹುರುಪು ಬಂತು. z ಎರಡಕ್ಕೆ ತಾನೇ ಮಾಡುತ್ತೇನೆಂದಳು. ಸುಲಭದ ಕೆಳಮಿತಿ ಹುಡುಕುತ್ತ ಒಂದು ಉಪಾಯ ಹೂಡಿದಳು. x² ಎಂಬುದು xಗಿಂತ ಚಿಕ್ಕದು, ಆದ್ದರಿಂದ e^(−x²/2) ಎಂಬುದು e^(−x/2)ಗಿಂತ ದೊಡ್ಡದು. e^(−x/2)ನ್ನು ಅನುಕಲಿಸುವುದು ಕಷ್ಟವಲ್ಲ. 0ರಿಂದ 2ರವರೆಗೆ ಉತ್ತರ 1.264. ಹಾಗಾದರೆ ನಮ್ಮ ವಿಸ್ತೀರ್ಣ ಕನಿಷ್ಠ 1.264 ಇರಬೇಕು. 2.506628ರಿಂದ ಭಾಗಿಸಿದರೆ ಪಾಲು ಕನಿಷ್ಠ 0.504.

ಪುಸ್ತಕ ತೆರೆದರೆ ಎರಡಕ್ಕೆ 0.4772 ಎಂದಿತ್ತು. ಅಷ್ಟೇ ಅಲ್ಲ, ಗಂಟೆಯ ಬಲಭಾಗ ಇಡಿಯಾಗಿ ಸೇರಿದರೂ ಪಾಲು 0.5 ತಾನೆ! ಅದರ ಒಂದು ತುಂಡು 0.504 ಆಗುವುದು ಹೇಗೆ?

ತಪ್ಪು ಹುಡುಕಲು ದೂರ ಹೋಗಬೇಕಿರಲಿಲ್ಲ. x² ಎಂಬುದು xಗಿಂತ ಚಿಕ್ಕದಾಗಿರುವುದು 0 ಮತ್ತು 1ರ ನಡುವೆ ಮಾತ್ರ. ಅರ್ಧದ ವರ್ಗ ಕಾಲು, ಸರಿ. ಆದರೆ ಒಂದೂವರೆಯ ವರ್ಗ ಎರಡೂಕಾಲು. x = 1 ದಾಟಿದ ಕೂಡಲೇ ಅಸಮತೆ ಪಲ್ಟಿ ಹೊಡೆಯುತ್ತದೆ. x = 2ರಲ್ಲಿ ಬೆಲೆ ಹಾಕಿ ನೋಡಿದ್ದರೆ ಆಗಲೇ ತಿಳಿಯುತ್ತಿತ್ತು: ನಮ್ಮ ರೇಖೆಯ ಎತ್ತರ 0.135, ಅದರ ಕೆಳಗಿರಬೇಕಾದ ರೇಖೆಯ ಎತ್ತರ 0.368. ಕಾವಲಿಗೆ ಇಟ್ಟವನೇ ಬೇಲಿ ಹಾರಿದ್ದಾನೆ. ಹೀಗಾಗಿ ಮಿತಿ ಹಾಕುವವರು ಮೊದಲು ಎರಡೂ ತುದಿಗಳಲ್ಲಿ ಮತ್ತು ನಡುವೆ ಒಂದೆರಡು ಕಡೆ ಬೆಲೆ ಹಾಕಿ ನೋಡುವುದು ಒಳ್ಳೆಯದು. ಅದು ಸಾಧನೆಯಾಗುವುದಿಲ್ಲ, ಆದರೆ ದೊಡ್ಡ ಮುಗ್ಗರಿಕೆಯನ್ನು ತಪ್ಪಿಸುತ್ತದೆ.

ಬಾಲದ ಲೆಕ್ಕ

ನಮ್ಮ ಒಳ್ಳೆಯ ಮಿತಿಗಳಿಗೂ ಒಂದು ಇತಿಮಿತಿಯುಂಟು. ಅವು ಎಲ್ಲೆಡೆ ಸತ್ಯವೇ, ಆದರೆ ಸೊನ್ನೆಯಿಂದ ದೂರ ಹೋದಂತೆ ಕೆಲಸಕ್ಕೆ ಬರುವುದಿಲ್ಲ. x = 4 ಆದಾಗ 1 − x²/2ರ ಬೆಲೆ −7. ರೇಖೆಯ ಎತ್ತರ −7ಕ್ಕಿಂತ ಹೆಚ್ಚು ಎಂದರೆ ಸುಳ್ಳಲ್ಲ. ಆದರೆ ಎತ್ತರ ಎಂದೂ ಸೊನ್ನೆಗಿಂತ ಕೆಳಗಿಳಿಯದ ರೇಖೆಯ ಬಗ್ಗೆ ಹಾಗೆ ಹೇಳಿ ಪ್ರಯೋಜನವೇನು? ಇನ್ನಷ್ಟು ಪದಗಳನ್ನು ಸೇರಿಸಿದರೆ ಕೊನೆಗೆ ಹಿಡಿತ ಬಿಗಿಯಾಗುತ್ತದೆ, ಆದರೆ ಅಷ್ಟರಲ್ಲಿ ಪದಗಳ ಸಂಖ್ಯೆ ಬೆಳೆದುಬಿಟ್ಟಿರುತ್ತದೆ.

ಕಾರ್ಖಾನೆಯವರಿಗೆ ಬೇಕಾಗುವುದು ಹೆಚ್ಚಾಗಿ ಈ ದೂರದ ಬಾಲವೇ. ನಮ್ಮ ಸಕ್ಕರೆ ಪೊಟ್ಟಣಗಳಲ್ಲಿ 1015 ಗ್ರಾಂ ಮೀರುವಂಥವು ಎಷ್ಟು? ಅಂದರೆ ಸರಾಸರಿಯಿಂದ ಮೂರು ಮಾನಕ ವಿಚಲನೆಗಿಂತಲೂ ಆಚೆಗೆ ಬೀಳುವವು. ಇಲ್ಲಿ 3ರಿಂದ ಅನಂತದವರೆಗೆ ವಿಸ್ತೀರ್ಣ ಬೇಕು, ಮತ್ತು ಅದಕ್ಕೆ ಬೇರೆಯೇ ಇಕ್ಕಳ ಬೇಕು.

ಈ ಪ್ರದೇಶದಲ್ಲೆಲ್ಲ x ಕನಿಷ್ಠ 3 ಇರುತ್ತದೆ, ಹಾಗಾಗಿ x/3 ಕನಿಷ್ಠ 1. ನಮ್ಮ ಉತ್ಪನ್ನವನ್ನು x/3ರಿಂದ ಗುಣಿಸಿದರೆ ಅದು ಹಿಗ್ಗುತ್ತದೆಯೇ ಹೊರತು ಕುಗ್ಗುವುದಿಲ್ಲ. ಮುಂದೆ ಒಂದು x ಬಂದು ಕೂತ ಕೂಡಲೇ ಮೊಂಡುತನ ಮಾಯ: x·e^(−x²/2)ನ್ನು ಅನುಕಲಿಸಿದರೆ −e^(−x²/2) ಎಂದು ನೇರವಾಗಿ ಸಿಗುತ್ತದೆ. ಆದ್ದರಿಂದ ಬಾಲದ ವಿಸ್ತೀರ್ಣ e^(−4.5)/3ಕ್ಕಿಂತ ಕಡಿಮೆ, ಅಂದರೆ 0.003703ಕ್ಕಿಂತ ಕಡಿಮೆ.

ಕೆಳಮಿತಿಗೂ ಇದೇ ಬಗೆಯ ಜಾಣ ಗುಣಕವಿದೆ. ಉತ್ಪನ್ನವನ್ನು (1 − 3/x⁴)ರಿಂದ ಗುಣಿಸಿದರೆ ಅದು ತುಸುವೇ ಕುಗ್ಗುತ್ತದೆ, ಮತ್ತು ಕುಗ್ಗಿದ್ದನ್ನು ಕರಾರುವಾಕ್ಕಾಗಿ ಅನುಕಲಿಸಲು ಬರುತ್ತದೆ. 3ರಿಂದಾಚೆಗೆ ಅದರ ಬೆಲೆ (1/3 − 1/27)·e^(−4.5), ಅಂದರೆ 0.003292. ಎರಡನ್ನೂ 2.506628ರಿಂದ ಭಾಗಿಸಿದರೆ, ಒಂದು ಲಕ್ಷ ಪೊಟ್ಟಣಗಳಲ್ಲಿ 1015 ಗ್ರಾಂ ಮೀರುವವು ಸುಮಾರು 131ರಿಂದ 148. ಕೋಷ್ಟಕ ಹೇಳುವುದು 135. ಸೊನ್ನೆಯಿಂದ ದೂರ ಹೋದಷ್ಟೂ ಈ ಇಕ್ಕಳದ ಎರಡು ತುಟಿಗಳು ಒಂದನ್ನೊಂದು ಸಮೀಪಿಸುತ್ತವೆ. ಮೊದಲನೆಯದು ಸೋಲುವಲ್ಲಿ ಇದು ಗೆಲ್ಲುತ್ತದೆ. ಸೊನ್ನೆಯ ಹತ್ತಿರ ಮಾತ್ರ ಇದನ್ನು ನಂಬಬಾರದು: 3ರ ಬದಲು 0.1ರಿಂದ ಹೊರಟರೆ ಇದು ಕೊಡುವ ಮೇಲ್ಮಿತಿ 10ರ ಸಮೀಪಕ್ಕೆ ಹೋಗುತ್ತದೆ, ಇಡೀ ಗಂಟೆಯ ವಿಸ್ತೀರ್ಣ ಎರಡೂವರೆ ಇರುವಾಗ!

ಈ ಬಗೆಯ ಅನುಕಲದ ಮೊದಲ ಕೋಷ್ಟಕ ಅಚ್ಚಾದದ್ದು 1799ರಲ್ಲಿ, ಸ್ಟ್ರಾಸ್‌ಬರ್ಗ್‌ನ ಕ್ರಿಶ್ಚಿಯನ್ ಕ್ರಾಂಪ್ ಅವರ ಪುಸ್ತಕದಲ್ಲಿ. ಅವರಿಗೆ ಬೇಕಿದ್ದದ್ದು ಸಕ್ಕರೆಯ ತೂಕವೂ ಅಲ್ಲ, ಪರೀಕ್ಷೆಯ ಅಂಕವೂ ಅಲ್ಲ. ನಕ್ಷತ್ರದ ಬೆಳಕು ವಾಯುಮಂಡಲದಲ್ಲಿ ಎಷ್ಟು ಬಾಗುತ್ತದೆ ಎಂಬ ಲೆಕ್ಕಕ್ಕೆ ಇದೇ ಮೊಂಡು ಅನುಕಲ ಅಡ್ಡ ಬಂದಿತ್ತು.

ಹುಡುಗಿ ಕಾಗದ ಮಡಚಿ ಪುಸ್ತಕದೊಳಗೆ ಇಡುವ ಮುನ್ನ ಮೂರರ ಎದುರಿನ ಸಂಖ್ಯೆಯನ್ನು ತಾನಾಗಿಯೇ ನೋಡಿದಳು. 0.4987 ಎಂದಿತ್ತು. ಅರ್ಧದಿಂದ ನಮ್ಮ ಬಾಲದ ಎರಡು ಮಿತಿಗಳನ್ನು ಕಳೆದಳು: 0.49852, 0.49869. ನಾಲ್ಕು ಸ್ಥಾನಕ್ಕೆ ಸರಿಪಡಿಸಿದರೆ ಒಂದು 0.4985, ಇನ್ನೊಂದು 0.4987. “ಮಾಮ, ಎರಡೂ ಒಂದೇ ಆಗಿಲ್ಲ. ಇದನ್ನ ಇನ್ನೂ ಬರೆಯೋ ಹಾಗಿಲ್ಲ” ಎಂದು ಪೆನ್ನಿನ ಮುಚ್ಚಳ ಮತ್ತೆ ತೆಗೆದಳು.